ಟೇಪ್ ಕಪ್ಪಾಗಿದೆ, ಆಂಪ್ಯೂಲ್ ಮಾತ್ರ ಹಳದಿ. ಆಟೋಕ್ಲೇವ್ ಸರಿ ಇದೆಯಾ ಇಲ್ಲವಾ?

ಶರಾವತಿ_ಲ್ಯಾಬ್

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದಲ್ಲಿ ಒಂದು ಖಾಸಗಿ ಲ್ಯಾಬ್‌ನ ಕಲ್ಚರ್ ವಿಭಾಗದಲ್ಲಿ ಟೆಕ್ನಿಶಿಯನ್ ಆಗಿದ್ದೇನೆ. ನಮ್ಮದು ಮೇಲಿಂದ ಮುಚ್ಚಳ ಹಾಕಿ ನಟ್ ಬಿಗಿಯುವ ವರ್ಟಿಕಲ್ ಆಟೋಕ್ಲೇವ್. ಬಳಸಿದ ಕಲ್ಚರ್ ಪ್ಲೇಟ್, ಯೂರಿನ್ ಡಬ್ಬಿ, ಸ್ವಾಬ್ ಎಲ್ಲವನ್ನೂ ದಪ್ಪ ಆಟೋಕ್ಲೇವ್ ಬ್ಯಾಗಿಗೆ ತುಂಬಿ, ಬಾಯಿ ಕಟ್ಟಿ, ಸ್ಟೀಲ್ ಡ್ರಮ್ಮಿನಲ್ಲಿಟ್ಟು ಒಳಗೆ ಇಳಿಸುತ್ತೇವೆ. ಬ್ಯಾಗಿನ ಹೊರಗೆ ಇಂಡಿಕೇಟರ್ ಟೇಪ್ ಅಂಟಿಸುತ್ತೇವೆ. ಮುಳ್ಳು 15 ಪೌಂಡ್ ತೋರಿಸಿದ ಮೇಲೆ 20 ನಿಮಿಷ ಲೆಕ್ಕ. ಮೊದಲಿನಿಂದ ಇದೇ ರೂಢಿ.

ಈ ಸಲ ಮೊದಲ ಬಾರಿಗೆ ಸ್ಪೋರ್ ಆಂಪ್ಯೂಲ್ ತರಿಸಿದರು. ಒಂದನ್ನು ಬ್ಯಾಗಿನ ನಡುವೆ, ಪ್ಲೇಟ್‌ಗಳ ಮಧ್ಯೆ ಇಟ್ಟು ಓಡಿಸಿದೆ. ಹೊರತೆಗೆದಾಗ ಟೇಪಿನ ಗೆರೆಗಳೆಲ್ಲ ಚೆನ್ನಾಗಿ ಕಪ್ಪಾಗಿದ್ದವು. ಆಂಪ್ಯೂಲನ್ನು 56 ಡಿಗ್ರಿ ಇನ್‌ಕ್ಯುಬೇಟರ್‌ನಲ್ಲಿಟ್ಟೆ. ಮರುದಿನ ಬೆಳಿಗ್ಗೆ ನೋಡಿದರೆ ಹಳದಿ. ಅದೇ ಬ್ಯಾಚಿನ, ಆಟೋಕ್ಲೇವ್‌ಗೆ ಹಾಕದೇ ಇಟ್ಟ ಇನ್ನೊಂದು ಆಂಪ್ಯೂಲೂ ಹಳದಿ.

"ಎರಡೂ ಹಳದಿ ಅಂದ್ರೆ ಆಂಪ್ಯೂಲೇ ಕೆಟ್ಟಿದೆ, ಟೇಪ್ ಕಪ್ಪಾಗಿದೆಯಲ್ಲ, ಪಾಸ್ ಅಂತ ಬರೆದು ಸೈನ್ ಮಾಡಿ" ಎನ್ನುತ್ತಿದ್ದಾರೆ ನಮ್ಮ ಮೇಲಿನವರು. ನನಗೆ ಕೈ ಬರುತ್ತಿಲ್ಲ. ಗೊತ್ತಿದ್ದವರು ದಯವಿಟ್ಟು ಹೇಳಿ.

ಆಗುಂಬೆ_ಮಳೆ

ಇದು ಎತ್ತರದ ಸಮಸ್ಯೆ. ನಾವು ಇರೋದು ಮಲೆನಾಡಿನಲ್ಲಿ, ಸಮುದ್ರ ಮಟ್ಟದಲ್ಲಲ್ಲ. 15 ಪೌಂಡಿಗೆ 121 ಡಿಗ್ರಿ ಅನ್ನೋ ಲೆಕ್ಕ ಮಂಗಳೂರಿನಲ್ಲಿ ಸರಿ. ಮೇಲೆ ಬಂದ ಹಾಗೆ ಹೊರಗಿನ ಗಾಳಿಯ ಒತ್ತಡ ಕಮ್ಮಿ. ಮುಳ್ಳು ತೋರಿಸೋದು ಹೊರಗಿನದಕ್ಕಿಂತ ಒಳಗೆ ಎಷ್ಟು ಜಾಸ್ತಿ ಇದೆ ಅನ್ನೋದನ್ನ ಮಾತ್ರ. ಹಾಗಾಗಿ ಮುಳ್ಳು 15ರಲ್ಲಿದ್ದರೂ ಒಳಗೆ 121 ಇರಲ್ಲ. ನೀವು 18 ಪೌಂಡಿಗೆ ಏರಿಸಿ, ಸರಿಹೋಗುತ್ತದೆ.

ಹಳೇ_ಮೈಕ್ರೋ

ಶರಾವತಿ, ಮೊದಲು ನಿಮ್ಮ ಪ್ರಶ್ನೆ. ಸೈನ್ ಮಾಡಬೇಡಿ. ಆ ಬ್ಯಾಗನ್ನು ವೇಸ್ಟ್ ಗಾಡಿಗೆ ಕೊಡಲೂ ಬೇಡಿ, ಪಕ್ಕಕ್ಕಿಡಿ.

ಎರಡೂ ಹಳದಿಯಾದರೆ ಆಂಪ್ಯೂಲ್ ಕೆಟ್ಟಿದೆ ಎನ್ನುವುದು ಪೂರ್ತಿ ತಿರುಗುಮುರುಗು. ಆಟೋಕ್ಲೇವ್‌ಗೆ ಹಾಕದ ಆಂಪ್ಯೂಲ್ ಹಳದಿ ಆಗಲೇಬೇಕು. ಅದರಲ್ಲಿರುವ ಜಿಯೋಬ್ಯಾಸಿಲಸ್ ಸ್ಟಿಯರೋಥರ್ಮೋಫಿಲಸ್ ಸ್ಪೋರ್‌ಗಳು ಜೀವಂತ ಇವೆ, ನಿಮ್ಮ ಇನ್‌ಕ್ಯುಬೇಟರ್ ಸರಿಯಾದ ಶಾಖ ಕೊಡುತ್ತಿದೆ, ಒಳಗಿನ ಮೀಡಿಯಾ ಚೆನ್ನಾಗಿದೆ ಅಂತ ತೋರಿಸುವುದೇ ಅದರ ಕೆಲಸ. ಬೆಳೆದಾಗ ಆಮ್ಲ ಬರುತ್ತದೆ, ನೇರಳೆ ಹೋಗಿ ಹಳದಿಯಾಗುತ್ತದೆ. ಅದು ನೇರಳೆಯಾಗಿಯೇ ಉಳಿದಿದ್ದರೆ ಪರೀಕ್ಷೆಯೇ ಲೆಕ್ಕಕ್ಕಿಲ್ಲ ಅಂತಾಗುತ್ತಿತ್ತು. ನಿಮ್ಮದು ಹಳದಿಯಾಗಿದೆ, ಅಂದರೆ ಪರೀಕ್ಷೆ ಸರಿ ಇದೆ. ಬ್ಯಾಗಿನ ನಡುವಿನ ಸ್ಪೋರ್‌ಗಳು ಸತ್ತಿಲ್ಲ, ಅಷ್ಟೇ ವಿಷಯ.

ಟೇಪ್ ಇದಕ್ಕೆ ಎದುರು ಸಾಕ್ಷಿ ಅಲ್ಲ. ಟೇಪ್ ಇದ್ದದ್ದು ಬ್ಯಾಗಿನ ಹೊರಮೈ ಮೇಲೆ. ಅಲ್ಲಿ ಬಿಸಿ ಹಬೆ ತಾಗಿತು, ಕಪ್ಪಾಯಿತು. ಈ ಬ್ಯಾಗ್ ಆಟೋಕ್ಲೇವ್‌ಗೆ ಹೋಗಿ ಬಂದಿದೆ, ಹೋಗದೇ ಇದ್ದ ಬ್ಯಾಗ್ ಜೊತೆ ಬೆರೆಯಬಾರದು ಎನ್ನುವುದಕ್ಕೆ ಟೇಪ್ ಬೇಕು. ಒಳಗೆ ಎಷ್ಟು ಹೊತ್ತು ಎಷ್ಟು ಶಾಖ ಇತ್ತು ಎಂದು ಅದಕ್ಕೆ ಗೊತ್ತಾಗುವ ದಾರಿಯೇ ಇಲ್ಲ.

ಈಗ ನನಗೆ ಬೇಕಾದ ವಿವರ: ಡ್ರಮ್ಮಿಗೆ ಪಕ್ಕದಲ್ಲಿ, ತಳದಲ್ಲಿ ತೂತು ಇದೆಯಾ? ಬ್ಯಾಗಿನ ಬಾಯಿ ಎಷ್ಟು ಬಿಗಿ? ಮುಚ್ಚಳದ ಮೇಲಿನ ಹಬೆ ಕಾಕ್ ಎಷ್ಟು ಹೊತ್ತು ತೆರೆದಿಡುತ್ತೀರಿ?

ಶರಾವತಿ_ಲ್ಯಾಬ್

ತುಂಬಾ ಥ್ಯಾಂಕ್ಸ್ ಮೇಡಂ. ಡ್ರಮ್ಮಿಗೆ ತೂತಿಲ್ಲ, ಸೋರಬಾರದು ಅಂತ ಅದನ್ನೇ ಆರಿಸಿದ್ದಾರೆ. ಸುಮಾರು ಒಂದೂವರೆ ಅಡಿ ಎತ್ತರ. ಬ್ಯಾಗಿನ ಬಾಯಿಯನ್ನು ತಿರುಚಿ ಟೇಪ್ ಸುತ್ತುತ್ತೇವೆ, ವಾಸನೆ ಬರಬಾರದು ಅಂತ. ಕಾಕಿನಿಂದ ಹಬೆ ಬರಲು ಶುರುವಾದ ಕೂಡಲೇ ಮುಚ್ಚುತ್ತೇವೆ.

ಹಳೇ_ಮೈಕ್ರೋ

ನಿಮ್ಮ ಉತ್ತರ ನೀವೇ ಬರೆದಿದ್ದೀರಿ. ಗಾಳಿ ಒಳಗೆ ಸಿಕ್ಕಿಹಾಕಿಕೊಂಡಿದೆ.

ಗಾಳಿ ಹಬೆಗಿಂತ ಭಾರ. ವರ್ಟಿಕಲ್ ಆಟೋಕ್ಲೇವ್‌ನಲ್ಲಿ ತಳದ ನೀರು ಕುದಿದು ಹಬೆ ಡ್ರಮ್ಮಿನ ಸುತ್ತ ಮೇಲೇರುತ್ತದೆ, ಕಾಕಿನಿಂದ ಹೊರಗೆ ಹೋಗುತ್ತದೆ. ಡ್ರಮ್ಮಿನ ಒಳಗಿನ ಗಾಳಿ ಕೊಡದಲ್ಲಿ ನೀರು ನಿಂತ ಹಾಗೆ ಅಲ್ಲೇ ನಿಂತಿರುತ್ತದೆ. ಮೇಲೆ ಹತ್ತಲು ಅದಕ್ಕೆ ಕಾರಣವಿಲ್ಲ, ಕೆಳಗೆ ಇಳಿಯಲು ತೂತಿಲ್ಲ. ಅದರ ಮೇಲೆ ಬಾಯಿ ಕಟ್ಟಿದ ಬ್ಯಾಗ್ ಬೇರೆ.

ಮುಳ್ಳಿಗೆ ಇದು ತಿಳಿಯುವುದಿಲ್ಲ. ಒತ್ತಡ ಗಾಳಿಯದ್ದಾದರೂ ಒಂದೇ, ಹಬೆಯದ್ದಾದರೂ ಒಂದೇ. 15 ಪೌಂಡಿನಲ್ಲಿ ಗಾಳಿ ಪೂರ್ತಿ ಹೋಗಿದ್ದರೆ 121 ಡಿಗ್ರಿ. ಅರ್ಧ ಗಾಳಿ ಉಳಿದಿದ್ದರೆ ಸುಮಾರು 112. ಗಾಳಿಯನ್ನು ಹೊರಗೆ ಬಿಡದೇ ಇದ್ದರೆ ಅದೇ ಮುಳ್ಳು, ಅದೇ 15, ಆದರೆ ಶಾಖ 100ರ ಆಸುಪಾಸು.

ಆಗುಂಬೆ_ಮಳೆ

ಮೇಡಂ, ಗಾಳಿಯ ವಿಷಯ ಒಪ್ಪುತ್ತೇನೆ. ಆದರೆ ಎತ್ತರದ ಲೆಕ್ಕ ಸುಳ್ಳಲ್ಲ ಅಲ್ವಾ? ಅದನ್ನೂ ಸೇರಿಸಬೇಕಲ್ಲ.

ಹಳೇ_ಮೈಕ್ರೋ

ಸುಳ್ಳಲ್ಲ. ನೀವು ಹೇಳಿದ ಕಾರಣ ಸರಿ, ಅಳತೆ ಮಾತ್ರ ಜಾಸ್ತಿಯಾಯಿತು. ಸಾವಿರ ಅಡಿಗೆ ಅರ್ಧ ಪೌಂಡ್ ಸೇರಿಸುವುದು ರೂಢಿಯ ಲೆಕ್ಕ. ಶಿವಮೊಗ್ಗ, ಆಗುಂಬೆ ಎರಡೂ ಹೆಚ್ಚುಕಮ್ಮಿ ಎರಡು ಸಾವಿರ ಅಡಿ. ಅಂದರೆ 16 ಪೌಂಡ್ ಸಾಕು. 15ರಲ್ಲೇ ಓಡಿಸಿದರೂ ಶಾಖ 120ರ ಹತ್ತಿರ ಇರುತ್ತದೆ, ಸುಮಾರು ಒಂದು ಡಿಗ್ರಿ ಕಮ್ಮಿ. ಕೆಮ್ಮಣ್ಣುಗುಂಡಿಯ ಎತ್ತರದಲ್ಲಿ ಲ್ಯಾಬ್ ಇದ್ದಿದ್ದರೆ ಇದನ್ನು ಇನ್ನಷ್ಟು ಗಂಭೀರವಾಗಿ ನೋಡಬೇಕಿತ್ತು. ಹಾಗಂತ ಸುಮ್ನೆ 18ಕ್ಕೆ ಏರಿಸುವುದು ತಪ್ಪು. ಸೇಫ್ಟಿ ವಾಲ್ವ್ ಎಷ್ಟಕ್ಕೆ ಸೆಟ್ ಆಗಿದೆ ಎಂದು ನೋಡದೆ ಅದನ್ನು ಮಾಡಲೇಬಾರದು.

ಆ ಒಂದು ಡಿಗ್ರಿಯಿಂದ ಈ ಆಂಪ್ಯೂಲ್ ಹಳದಿಯಾಗಲು ಸಾಧ್ಯವಾ, ಲೆಕ್ಕ ಹಾಕಿ ನೋಡೋಣ. ಆಂಪ್ಯೂಲಿನಲ್ಲಿ ಹತ್ತು ಲಕ್ಷ ಸ್ಪೋರ್ ಇವೆ ಅಂತಿಟ್ಟುಕೊಳ್ಳಿ. 121 ಡಿಗ್ರಿ ಹಬೆಯಲ್ಲಿ ಹತ್ತರಲ್ಲಿ ಒಂಬತ್ತು ಸಾಯಲು 2 ನಿಮಿಷ ಬೇಕು ಅಂತಿಟ್ಟುಕೊಳ್ಳಿ. ನಿಮ್ಮ ಬ್ಯಾಚಿನ ನಿಜವಾದ ಅಂಕಿ ಅದರ ಜೊತೆ ಬಂದ ಸರ್ಟಿಫಿಕೇಟಿನಲ್ಲಿರುತ್ತದೆ, ಡಿ ವ್ಯಾಲ್ಯೂ ಅಂತ. ಎರಡು ನಿಮಿಷಕ್ಕೆ ಒಂದು ಲಕ್ಷ ಉಳಿಯುತ್ತವೆ, ನಾಲ್ಕು ನಿಮಿಷಕ್ಕೆ ಹತ್ತು ಸಾವಿರ. ಹೀಗೆ 12 ನಿಮಿಷಕ್ಕೆ ಒಂದು ಸ್ಪೋರ್ ಉಳಿದೀತು. 20 ನಿಮಿಷ ಅಂದರೆ ಧಾರಾಳ. 120 ಡಿಗ್ರಿಯಲ್ಲಿ ಆ ಎರಡು ನಿಮಿಷ ಎರಡೂವರೆ ಆಗುತ್ತದೆ. ಆಗಲೂ 15 ನಿಮಿಷಕ್ಕೆ ಅದೇ ಜಾಗಕ್ಕೆ ಬರುತ್ತೀರಿ, ಐದು ನಿಮಿಷ ಕೈಯಲ್ಲಿ ಉಳಿಯುತ್ತದೆ. ಹಾಗಾಗಿ ಎತ್ತರ ಒಂದೇ ಕಾರಣ ಆಗಿದ್ದರೆ ಈ ಆಂಪ್ಯೂಲ್ ಬಹುಮಟ್ಟಿಗೆ ನೇರಳೆಯೇ ಉಳಿಯಬೇಕಿತ್ತು.

ಗಾಳಿ ಸಿಕ್ಕಿಕೊಂಡರೆ ಕತೆಯೇ ಬೇರೆ. ಈ ಸ್ಪೋರ್‌ಗಳಿಗೆ ಶಾಖ 10 ಡಿಗ್ರಿ ಇಳಿದರೆ ಸಮಯ ಹತ್ತರಷ್ಟು ಬೇಕು. 111ರಲ್ಲಿ ಎರಡು ನಿಮಿಷ ಇದ್ದದ್ದು 20 ನಿಮಿಷ ಆಗುತ್ತದೆ. ನಿಮ್ಮ ಇಡೀ ಸೈಕಲ್ ಮುಗಿದಾಗ ಹತ್ತು ಲಕ್ಷದಲ್ಲಿ ಒಂದು ಲಕ್ಷ ಬದುಕಿರುತ್ತವೆ. ಆಂಪ್ಯೂಲ್ ಹಳದಿಯಾಗದೆ ಇನ್ನೇನು?

ಅಣಬೆ_ಸಾಗರ

ನಮಸ್ಕಾರ, ನಾನು ಸಾಗರದ ಹತ್ತಿರ ಅಣಬೆ ಬೀಜ ಮಾಡುತ್ತೇನೆ. ನನಗೂ ಇದೇ ತೊಂದರೆ. ಜೋಳ ಬೇಯಿಸಿ, ಸುಣ್ಣದ ಪುಡಿ, ಜಿಪ್ಸಂ ಬೆರೆಸಿ ಪಿಪಿ ಬ್ಯಾಗಿಗೆ ತುಂಬಿ, ಹತ್ತಿ ಬಿರಡೆ ಹಾಕಿ ಎರಡು ಗಂಟೆ ಓಡಿಸುತ್ತೇನೆ. ಆದರೂ ಬ್ಯಾಗ್‌ಗಳಲ್ಲಿ ಹಸಿರು ಬೂಷ್ಟು. ನಾನೂ ಈ ಆಂಪ್ಯೂಲ್ ತರಿಸಿ ಬ್ಯಾಗಿನೊಳಗೆ ಹಾಕಿದರೆ ಬೂಷ್ಟು ಬರೋದು ನಿಲ್ಲುತ್ತಾ? ಎಲ್ಲಿ ಸಿಗುತ್ತದೆ, ಬೆಲೆ ಎಷ್ಟು?

ಹಳೇ_ಮೈಕ್ರೋ

ಸಾಗರದವರೇ, ಆಂಪ್ಯೂಲ್ ಔಷಧಿ ಅಲ್ಲ. ಅದು ಅಳತೆ ಮಾತ್ರ, ಬೂಷ್ಟು ತಡೆಯುವುದಿಲ್ಲ.

ಒಂದು ಪ್ರಶ್ನೆ. ಹಸಿರು ಎಲ್ಲಿ ಶುರುವಾಗುತ್ತದೆ? ಬಿರಡೆಯ ಹತ್ತಿರ, ಬೀಜ ಹಾಕಿದ ಮೇಲ್ಭಾಗದಲ್ಲಿ ಶುರುವಾಗಿ ಕೆಳಗೆ ಇಳಿದರೆ ಅದು ತಣ್ಣಗಾದ ಮೇಲೆ ಹೊರಗಿನಿಂದ ಬಂದದ್ದು. ಒದ್ದೆ ಬಿರಡೆ, ಬೀಜ ಹಾಕುವ ಜಾಗದ ಗಾಳಿ, ಮಳೆಗಾಲದ ತೇವ, ಇವನ್ನು ನೋಡಿ. ಅದೇ ಬ್ಯಾಗಿನ ನಡುವೆ ಕಾಳು ಲೊಳೆ ಲೊಳೆಯಾಗಿ ಹುಳಿ ವಾಸನೆ ಬಂದರೆ ಅದು ಬ್ಯಾಸಿಲಸ್ ಜಾತಿಯ ಬ್ಯಾಕ್ಟೀರಿಯಾ, ಕಾಳಿನೊಳಗಿನ ಸ್ಪೋರ್ ಸಾಯದೇ ಉಳಿದದ್ದು. ಆಗ ಮಾತ್ರ ಆಟೋಕ್ಲೇವ್ ಮೇಲೆ ಅನುಮಾನ ಪಡಬೇಕು.

ಅಣಬೆ_ಸಾಗರ

ಹೆಚ್ಚಿನವು ಮೇಲಿಂದಲೇ ಹಸಿರು ಮೇಡಂ. ಆದರೆ ಕೆಳಗಿನ ಸಾಲಿನ ಕೆಲವು ಬ್ಯಾಗ್ ಹುಳಿ ವಾಸನೆ ಬರೋದು ನಿಜ. ಮೇಲಿನ ಸಾಲಿನಲ್ಲಿ ಹಾಗಾಗಲ್ಲ. ಒತ್ತೊತ್ತಾಗಿ ಜೋಡಿಸುತ್ತೇನೆ, ಗ್ಯಾಸ್ ಖರ್ಚು ಉಳಿಯಲಿ ಅಂತ.

ಹಳೇ_ಮೈಕ್ರೋ

ಹಾಗಾದರೆ ನಿಮಗೆ ಎರಡು ಬೇರೆ ಬೇರೆ ತೊಂದರೆ ಇದೆ. ಕೆಳಗಿನ ಸಾಲಿನದ್ದು ಶರಾವತಿಯವರ ಕತೆಯೇ. ಬ್ಯಾಗ್‌ಗಳ ನಡುವೆ ಎರಡು ಬೆರಳು ಜಾಗ ಬಿಡಿ, ಸಾಲುಗಳ ಮಧ್ಯೆ ಜಾಲರಿ ಇಡಿ. ಹಸಿರಿನದ್ದಕ್ಕೆ ಬೇರೆ ಪ್ರಶ್ನೆ ಹಾಕಿ, ಅಣಬೆ ಮಾಡುವವರು ಇಲ್ಲಿ ಬಹಳ ಜನ ಇದ್ದಾರೆ.

ಸರ್ವಿಸ್_ಭದ್ರಾವತಿ

ಆಟೋಕ್ಲೇವ್ ರಿಪೇರಿ ನನ್ನ ಕೆಲಸ. ಮೇಡಂ ಹೇಳಿದ್ದು ಸರಿ, ಆದರೆ ಮಷಿನ್ ನೋಡದೇ ಬರೀ ಡ್ರಮ್ಮಿನ ಮೇಲೆ ಹಾಕಬೇಡಿ. ನಾನು ಹೋದಲ್ಲೆಲ್ಲ ಮೊದಲು ನೋಡೋದು ಹಬೆ ಕಾಕ್. ಮೀಡಿಯಾ ಉಕ್ಕಿ ಅಗರ್ ಅದರೊಳಗೆ ಗಟ್ಟಿಯಾಗಿ ಕೂತಿರುತ್ತದೆ. ಆಗ ಹಬೆ ಸಣ್ಣ ದಾರದ ಹಾಗೆ ಬರುತ್ತದೆ, ನೋಡಿದವರು ಹಬೆ ಬಂತು ಅಂತ ಮುಚ್ಚುತ್ತಾರೆ. ತಣ್ಣಗಿದ್ದಾಗ ಕಾಕ್ ಬಿಚ್ಚಿ, ತಂತಿ ಹಾಕಿ ಕ್ಲೀನ್ ಮಾಡಿ.

ಆಮೇಲೆ ಮುಳ್ಳು. ಮುಚ್ಚಳ ತೆರೆದಿದ್ದಾಗ ಸೊನ್ನೆಗೆ ಬಂದು ನಿಲ್ಲುತ್ತದಾ ನೋಡಿ. ಎರಡು ಪೌಂಡಲ್ಲೇ ನಿಂತಿದ್ದರೆ ನಿಮ್ಮ 15 ಅನ್ನೋದು 13 ಇರಬಹುದು. ಮಳೆಗಾಲದಲ್ಲಿ ವೋಲ್ಟೇಜ್ ಇಳಿದಾಗ ಹೀಟರ್ ಕಾಯಿಲ್ ಎಳೆಯಲ್ಲ, ಒತ್ತಡ 15ರಿಂದ 11, 12ಕ್ಕೆ ಇಳಿದು ಮತ್ತೆ ಹತ್ತುತ್ತದೆ. ಟೈಮರ್ ಮಾತ್ರ ಓಡ್ತಾನೇ ಇರುತ್ತದೆ. ಯಾರಾದರೂ ಎದುರು ನಿಂತು ನೋಡಬೇಕು.

ಗಾಳಿ ಹೋಯ್ತಾ ಅಂತ ತಿಳಿಯೋಕೆ ಹಳೇ ಉಪಾಯ ಒಂದಿದೆ. ಕಾಕಿಗೆ ದಪ್ಪ ರಬ್ಬರ್ ಟ್ಯೂಬ್ ಸಿಕ್ಕಿಸಿ ಇನ್ನೊಂದು ತುದಿಯನ್ನು ಬಕೆಟ್ ನೀರಲ್ಲಿ ಮುಳುಗಿಸಿ. ಗಾಳಿ ಬರುವಷ್ಟು ಹೊತ್ತು ಗುಳ್ಳೆ ಏಳುತ್ತದೆ. ಬರೀ ಹಬೆ ಬಂದಾಗ ಅದು ನೀರಲ್ಲೇ ಕರಗಿಹೋಗುತ್ತದೆ, ಗುಳ್ಳೆ ನಿಲ್ಲುತ್ತದೆ, ಟಕ್ ಟಕ್ ಸದ್ದು ಮಾತ್ರ. ಹೀಟರ್ ಆರಿಸೋ ಮೊದಲು ಟ್ಯೂಬ್ ನೀರಿಂದ ತೆಗೆಯಬೇಕು, ಇಲ್ಲಾಂದ್ರೆ ಬಕೆಟ್ ನೀರು ಒಳಗೆ ಎಳೆದುಕೊಳ್ಳುತ್ತದೆ. ಕೈಗೆ ಗ್ಲೌಸ್ ಹಾಕಿ, ಹಬೆ ಸುಟ್ಟರೆ ಚರ್ಮ ಬರುತ್ತದೆ.

ಹಳೇ_ಮೈಕ್ರೋ

ಭದ್ರಾವತಿಯವರ ಮಾತಿಗೆ ಒಂದು ಸೇರಿಸುತ್ತೇನೆ. ಗುಳ್ಳೆ ನಿಂತರೆ ಆಟೋಕ್ಲೇವ್ ಒಳಗಿನ ಗಾಳಿ ಹೋಯಿತು ಎಂದರ್ಥ. ಕಟ್ಟಿದ ಬ್ಯಾಗಿನ ಒಳಗಿನದ್ದು ಹೋಯಿತು ಎಂದಲ್ಲ. ಆದ್ದರಿಂದ ಎರಡೂ ಬೇಕು.

ಎಂಎಸ್ಸಿ_ಶಂಕರಘಟ್ಟ

ಇದನ್ನು ಓದಿ ಒಂದು ಅನುಮಾನ ಬಂತು. ನಾನು ಪ್ರಾಜೆಕ್ಟ್ ಮಾಡಿದ ಒಂದು ಜಾಗದಲ್ಲಿ ಆಂಪ್ಯೂಲನ್ನು ಎಲ್ಲಾ ಪ್ಲೇಟ್‌ಗಳ ಜೊತೆ 37 ಡಿಗ್ರಿ ಇನ್‌ಕ್ಯುಬೇಟರ್‌ನಲ್ಲೇ ಇಡುತ್ತಿದ್ದರು. ಪ್ರತಿ ಸಲ ನೇರಳೆ, ಪ್ರತಿ ಸಲ ಪಾಸ್. ಹಾಕದ ಆಂಪ್ಯೂಲ್ ಜೊತೆಗೆ ಇಡುತ್ತಿರಲಿಲ್ಲ. ಅದು ಸರಿನಾ?

ಹಳೇ_ಮೈಕ್ರೋ

ಸರಿಯಲ್ಲ. ಈ ಬ್ಯಾಕ್ಟೀರಿಯಾಗೆ ಬೇಕಾದ್ದು 55ರಿಂದ 60 ಡಿಗ್ರಿ. 37ರಲ್ಲಿ ಅದು ಬದುಕಿದ್ದರೂ ಏಳುವುದಿಲ್ಲ. ಅಲ್ಲಿ ಆಟೋಕ್ಲೇವ್ ಚಾಲೂ ಮಾಡದೇ ಇದ್ದಿದ್ದರೂ ಆಂಪ್ಯೂಲ್ ನೇರಳೆಯೇ ಇರುತ್ತಿತ್ತು. ಹಾಕದ ಆಂಪ್ಯೂಲ್ ಒಂದನ್ನು ಪಕ್ಕದಲ್ಲಿಟ್ಟಿದ್ದರೆ ಮೊದಲ ದಿನವೇ ಗೊತ್ತಾಗುತ್ತಿತ್ತು.

ಇನ್ನೊಂದು ಮಾತು. ಪ್ಲಾಸ್ಟಿಕ್ ವಯಲ್ ನಮೂನೆಯದ್ದಾದರೆ ತಣ್ಣಗಾದ ಮೇಲೆ ಹಿಂಡಿ ಒಳಗಿನ ಗಾಜು ಒಡೆಯಬೇಕು, ಆಗಲೇ ಮೀಡಿಯಾ ಸ್ಪೋರ್ ಪಟ್ಟಿಗೆ ತಾಗುವುದು. ಒಡೆಯದೇ ಇಟ್ಟರೂ ನೇರಳೆಯೇ ಉಳಿಯುತ್ತದೆ, ಸುಳ್ಳು ಪಾಸ್ ಸಿಗುತ್ತದೆ. ಪೂರ್ತಿ ಗಾಜಿನ ಆಂಪ್ಯೂಲ್ ಆದರೆ ಒಡೆಯುವುದು ಬೇಡ, ಹಾಗೆಯೇ ಇಡಿ.

ಶರಾವತಿ_ಲ್ಯಾಬ್

ಒಂದಷ್ಟು ಕೆಲಸ ಮಾಡಿ ಬಂದಿದ್ದೇನೆ. ಕಾಕ್ ಬಿಚ್ಚಿ ನೋಡಿದೆ, ಭದ್ರಾವತಿ ಅಣ್ಣ ಹೇಳಿದ ಹಾಗೆ ಒಳಗೆ ಕಂದು ಬಣ್ಣದ ಅಗರ್ ಪದರ ಇತ್ತು, ಅರ್ಧ ತೂತು ಮುಚ್ಚಿತ್ತು. ತೆಗೆದೆ. ಮುಳ್ಳು ಸೊನ್ನೆಗೆ ಸರಿಯಾಗಿ ಬರುತ್ತದೆ.

ಡ್ರಮ್ಮು, ಬ್ಯಾಗು ಹಳೆಯ ರೀತಿಯಲ್ಲೇ ಇಟ್ಟು, ಕಾಕ್ ಕ್ಲೀನ್ ಮಾಡಿದ್ದು ಒಂದೇ ವ್ಯತ್ಯಾಸದಲ್ಲಿ ಮತ್ತೆ ಓಡಿಸಿದೆ. ಈ ಸಲ ಮೂರು ಜಾಗದಲ್ಲಿ ಆಂಪ್ಯೂಲ್ ಇಟ್ಟೆ: ಡ್ರಮ್ಮಿನ ಹೊರಗೆ, ಬ್ಯಾಗಿನ ಬಾಯಿಯ ಹತ್ತಿರ, ಬ್ಯಾಗಿನ ತಳದ ನಡುವೆ. ತಳದಲ್ಲಿ ಆಂಪ್ಯೂಲ್ ಜೊತೆ ಮ್ಯಾಕ್ಸಿಮಮ್ ಥರ್ಮಾಮೀಟರ್ ಕೂಡ. ಹೊರಗಿನದ್ದು ನೇರಳೆ ಉಳಿಯಿತು. ಬಾಯಿಯ ಹತ್ತಿರದ್ದೂ ನೇರಳೆ. ತಳದ್ದು ಹಳದಿ. ಥರ್ಮಾಮೀಟರ್ 108ರಲ್ಲಿ ನಿಂತಿತ್ತು. ಒಳಗೂ ಒಂದು ತುಂಡು ಟೇಪ್ ಹಾಕಿದ್ದೆ. ಅದರ ಗೆರೆ ಕಪ್ಪಲ್ಲ, ಮಾಸಲು ಕಂದು.

ಹಳೇ_ಮೈಕ್ರೋ

ಬಹಳ ಅಚ್ಚುಕಟ್ಟಾಗಿ ಮಾಡಿದ್ದೀರಿ. ಒಂದೇ ಸಲ ಎಲ್ಲ ಬದಲಿಸದೆ ಒಂದೊಂದೇ ಬದಲಿಸಿದ್ದು ಒಳ್ಳೆಯದಾಯಿತು. ಮಷಿನ್ ಬೇಕಾದಷ್ಟು ಶಾಖ ಮುಟ್ಟುತ್ತಿದೆ, ಹಬೆ ಬ್ಯಾಗಿನ ತಳಕ್ಕೆ ಇಳಿಯುತ್ತಿಲ್ಲ ಎನ್ನುವುದು ಈಗ ಊಹೆಯಲ್ಲ.

108 ಡಿಗ್ರಿಯ ಲೆಕ್ಕ ನೋಡಿ. 121ರಲ್ಲಿ 2 ನಿಮಿಷ ಇದ್ದದ್ದು ಅಲ್ಲಿ ಸುಮಾರು 40 ನಿಮಿಷ. 20 ನಿಮಿಷದಲ್ಲಿ ಹತ್ತು ಲಕ್ಷದಿಂದ ಮೂರು ಲಕ್ಷಕ್ಕೆ ಇಳಿದಿರುತ್ತದೆ, ಅಷ್ಟೇ. ಅದೂ ಇಡೀ 20 ನಿಮಿಷ 108 ಇತ್ತು ಅಂತ ಇಟ್ಟುಕೊಂಡರೆ. ಥರ್ಮಾಮೀಟರ್ ತೋರಿಸುವುದು ಮುಟ್ಟಿದ ಗರಿಷ್ಠ ಶಾಖವನ್ನು, ಎಷ್ಟು ಹೊತ್ತು ಇತ್ತು ಎಂದು ಅದು ಹೇಳುವುದಿಲ್ಲ.

ಕ್ವಾಲಿಟಿ_ಚಿಕ್ಕಮಗಳೂರು

20 ನಿಮಿಷ ಅನ್ನೋದೇ ಇಲ್ಲಿ ತಪ್ಪು ಅಂತ ಯಾರೂ ಹೇಳಿಲ್ಲ. 20 ನಿಮಿಷ ಮೀಡಿಯಾಕ್ಕೆ. ವೇಸ್ಟಿಗೆ 2016ರ ಬಯೋಮೆಡಿಕಲ್ ವೇಸ್ಟ್ ನಿಯಮಗಳಲ್ಲಿ ಸ್ಪಷ್ಟವಾಗಿದೆ: ವ್ಯಾಕ್ಯೂಮ್ ಇಲ್ಲದ ಗ್ರಾವಿಟಿ ಆಟೋಕ್ಲೇವ್ ಆದರೆ 121 ಡಿಗ್ರಿ, 15 ಪೌಂಡ್, 60 ನಿಮಿಷಕ್ಕೆ ಕಮ್ಮಿ ಇಲ್ಲ. ಸಮಯ ಏರಿಸಿ, ಸಮಸ್ಯೆ ಮುಗಿಯಿತು.

ಹಳೇ_ಮೈಕ್ರೋ

60 ನಿಮಿಷ ಬೇಕೇ ಬೇಕು, ನೆನಪಿಸಿದ್ದು ಒಳ್ಳೆಯದಾಯಿತು. ಆದರೆ ಸಮಯ ಏರಿಸಿದ್ದಕ್ಕೇ ಸಮಸ್ಯೆ ಮುಗಿಯುವುದಿಲ್ಲ. ತಳದಲ್ಲಿ 108 ಡಿಗ್ರಿಯೇ ಇದ್ದರೆ 60 ನಿಮಿಷದ ನಂತರವೂ ಹತ್ತು ಲಕ್ಷದಲ್ಲಿ ಸುಮಾರು ಮೂವತ್ತು ಸಾವಿರ ಬದುಕಿರುತ್ತವೆ. ಆಂಪ್ಯೂಲ್ ಆಗಲೂ ಹಳದಿಯೇ. ನಿಯಮ ಹೇಳುವ 60 ನಿಮಿಷ 121 ಡಿಗ್ರಿಯ ಲೆಕ್ಕ, ಮುಳ್ಳಿನ ಲೆಕ್ಕ ಅಲ್ಲ. ಗಾಳಿಗೆ ದಾರಿ ಮಾಡಿದ ಮೇಲೆ ಸಮಯಕ್ಕೆ ಬೆಲೆ.

ಶರಾವತಿ, ಹೀಗೆ ಮಾಡಿ. ಎತ್ತರದ ಡ್ರಮ್ ಬಿಡಿ, ಅಂಚು ಅರ್ಧ ಅಡಿ ಮೀರದ ಸ್ಟೀಲ್ ತಟ್ಟೆ ಹುಡುಕಿ. ಸೋರಿದ್ದು ಅದರಲ್ಲೇ ನಿಲ್ಲುತ್ತದೆ, ಗಾಳಿ ಅಂಚು ದಾಟಿ ಹೋಗುತ್ತದೆ. ಬ್ಯಾಗ್ ಮುಕ್ಕಾಲಿಗಿಂತ ಜಾಸ್ತಿ ತುಂಬಬೇಡಿ. ಬ್ಯಾಗಿನೊಳಗೆ ಒಂದು ಲೋಟದಷ್ಟು ನೀರು ಹಾಕಿ, ಅದು ಒಳಗೇ ಹಬೆಯಾಗಿ ಗಾಳಿಯನ್ನು ಹೊರಗೆ ತಳ್ಳುತ್ತದೆ. ಬಾಯಿ ಕಟ್ಟಬೇಡಿ. ಸಡಿಲವಾಗಿ ಮಡಚಿ, ಮೂರು ಬೆರಳು ಹೋಗುವಷ್ಟು ತೆರೆದಿರಲಿ. ಕಾಕಿನಿಂದ ಹಬೆ ಜೋರಾಗಿ, ಎಡೆಬಿಡದೆ ಬರಲು ಶುರುವಾದ ಮೇಲೆ ಇನ್ನೂ ಹತ್ತು ನಿಮಿಷ ಬಿಟ್ಟು ಮುಚ್ಚಿ. 16 ಪೌಂಡಿಗೆ ಬಂದಮೇಲೆ 60 ನಿಮಿಷ. ಆಂಪ್ಯೂಲ್ ಮತ್ತೆ ಅದೇ ತಳದ ನಡುವೆಯೇ ಇಡಿ, ಸುಲಭದ ಜಾಗದಲ್ಲಿ ಅಲ್ಲ.

ಟಿಶ್ಯೂ_ತೀರ್ಥಹಳ್ಳಿ

ಮಧ್ಯೆ ಬಂದೆ, ಕ್ಷಮಿಸಿ. ದಯವಿಟ್ಟು ಈ 60 ನಿಮಿಷವನ್ನು ಮೀಡಿಯಾಕ್ಕೆ ಯಾರೂ ಹಾಕಬೇಡಿ. ನಾವು ಬಾಳೆ ಟಿಶ್ಯೂ ಕಲ್ಚರ್ ಮಾಡುವವರು. ಸಕ್ಕರೆ ಇರುವ ಮೀಡಿಯಾ ಜಾಸ್ತಿ ಹೊತ್ತು ಬೆಂದರೆ ಕಂದು ಬಣ್ಣಕ್ಕೆ ತಿರುಗುತ್ತದೆ, ಪಿಎಚ್ ಇಳಿಯುತ್ತದೆ, ಅಗರ್ ಸರಿಯಾಗಿ ಗಟ್ಟಿಯಾಗಲ್ಲ. ಕೆಲವು ಲ್ಯಾಬ್‌ಗಳಲ್ಲಿ ವೇಸ್ಟು, ಮೀಡಿಯಾ ಎರಡನ್ನೂ ಒಂದೇ ಸಲ ಒಳಗೆ ಇಡೋದನ್ನ ನೋಡಿದ್ದೇನೆ.

ಮೀಡಿಯಾದಲ್ಲೂ ಪಾತ್ರೆಯ ಗಾತ್ರ ನೋಡಬೇಕು. 100 ಮಿಲಿಯ ಬಾಟಲಿಗಳು ಬೇಗ ಬಿಸಿಯಾಗುತ್ತವೆ, ಒಂದು ಲೀಟರ್ ಫ್ಲಾಸ್ಕಿನ ನಡುಭಾಗ ನಿಧಾನ. ಮುಳ್ಳು 15 ಮುಟ್ಟಿದಾಗ ದೊಡ್ಡ ಫ್ಲಾಸ್ಕಿನ ನಡುವೆ ಇನ್ನೂ ಅಷ್ಟು ಶಾಖ ಬಂದಿರುವುದಿಲ್ಲ. ನಾವು ದೊಡ್ಡದನ್ನು ಬಿಟ್ಟು ಸಣ್ಣ ಬಾಟಲಿಗಳಿಗೇ ಹೋದೆವು.

ಹಳೇ_ಮೈಕ್ರೋ

ನೂರಕ್ಕೆ ನೂರು ಒಪ್ಪುತ್ತೇನೆ. ಎರಡಕ್ಕೂ ಬೇರೆ ಬೇರೆ ಸೈಕಲ್, ಬೇರೆ ಬೇರೆ ರಿಜಿಸ್ಟರ್. ವೇಸ್ಟಿನ ವಾಸನೆ ಮೀಡಿಯಾಕ್ಕೆ ಹಿಡಿಯುವುದೂ ಉಂಟು. ಇಲ್ಲಿ ಹಠ ಬೇಡ, ಒಂದೇ ಮಷಿನ್ ಇದ್ದರೆ ಬೆಳಿಗ್ಗೆ ಮೀಡಿಯಾ, ಸಂಜೆ ವೇಸ್ಟು.

ಶರಾವತಿ_ಲ್ಯಾಬ್

ಫಲಿತಾಂಶ ಬಂತು. ತಟ್ಟೆ, ಸಡಿಲ ಬಾಯಿ, ಒಂದು ಲೋಟ ನೀರು, ಹತ್ತು ನಿಮಿಷ ಹಬೆ, 60 ನಿಮಿಷ. ತಳದ ನಡುವಿನ ಥರ್ಮಾಮೀಟರ್ 120 ದಾಟಿತ್ತು. ಮೂರು ಜಾಗದ ಆಂಪ್ಯೂಲ್‌ಗಳೂ 24 ಗಂಟೆಗೆ ನೇರಳೆ, 48 ಗಂಟೆಗೂ ನೇರಳೆ. ಹಾಕದೇ ಇಟ್ಟದ್ದು ಮರುದಿನವೇ ಹಳದಿ. ಒಳಗಿನ ಟೇಪಿನ ತುಂಡೂ ಕಪ್ಪು. ಪಕ್ಕಕ್ಕಿಟ್ಟಿದ್ದ ಹಳೆಯ ಬ್ಯಾಗ್‌ಗಳನ್ನೂ ಹೀಗೇ ಮತ್ತೆ ಓಡಿಸಿ ಕೊಟ್ಟೆವು.

ಆದರೆ ಒಂದು ಉಳಿದಿದೆ. ತಟ್ಟೆಯಲ್ಲಿ ಒಂದು ಸಲಕ್ಕೆ ಒಂದೇ ಬ್ಯಾಗ್ ಹಿಡಿಯುತ್ತದೆ. ಸೋಮವಾರ ಮೂರು ಬ್ಯಾಗ್ ಸೇರುತ್ತವೆ. ತಟ್ಟೆ ಮೇಲೆ ತಟ್ಟೆ ಇಟ್ಟು ಎರಡು ಬ್ಯಾಗ್ ಓಡಿಸಿದೆ. ಮೇಲಿನದ್ದು ನೇರಳೆ, ಕೆಳಗಿನದ್ದು ಹಳದಿ. ಒಂದೊಂದೇ ಓಡಿಸಿದರೆ ರಾತ್ರಿಯಾಗುತ್ತದೆ ಅಂತ ಮೇಲಿನವರು ಒಪ್ಪುತ್ತಿಲ್ಲ. ಆಂಪ್ಯೂಲಿನ ಖರ್ಚಿನ ಬಗ್ಗೆಯೂ ಮಾತು ಬಂತು. ಪ್ರತಿ ಸಲ ಬೇಕಾ, ವಾರಕ್ಕೊಮ್ಮೆ ಸಾಕಾ?

ಕ್ವಾಲಿಟಿ_ಚಿಕ್ಕಮಗಳೂರು

ನಿಯಮದ ಪ್ರಕಾರ ವ್ಯಾಲಿಡೇಶನ್ ಮೂರು ತಿಂಗಳಿಗೊಮ್ಮೆ. ನಾಲ್ಕು ಸ್ಪೋರ್ ಪಟ್ಟಿ, ಮೂರು ವೇಸ್ಟಿನ ನಡುವೆ, ಒಂದು ಆಟೋಕ್ಲೇವ್‌ಗೆ ಹಾಕದೇ ಹೊರಗೆ. ಅಷ್ಟು ಮಾಡಿದರೆ ದಾಖಲೆಗೆ ಸಾಕು.

ಹಳೇ_ಮೈಕ್ರೋ

ದಾಖಲೆಗೆ ಸಾಕು, ನಿಮ್ಮ ಲ್ಯಾಬಿಗೆ ಸಾಲದು ಎನ್ನುವುದು ನನ್ನ ಅಭಿಪ್ರಾಯ. ಮೂರು ತಿಂಗಳ ಮಧ್ಯೆ ಯಾರೋ ಹೊಸಬರು ಬಂದು ಬ್ಯಾಗಿನ ಬಾಯಿ ಮತ್ತೆ ಬಿಗಿದರೆ ಯಾರಿಗೂ ತಿಳಿಯುವುದಿಲ್ಲ. ನಾನಾಗಿದ್ದರೆ ವಾರಕ್ಕೊಂದು ಇಡುತ್ತಿದ್ದೆ, ಮಷಿನ್ ರಿಪೇರಿಯಾದಾಗಲೂ, ತುಂಬುವ ರೀತಿ ಬದಲಾದಾಗಲೂ ಮತ್ತೊಂದು. ಪ್ರತಿ ಓಟಕ್ಕೆ ಒಳಗೊಂದು ಟೇಪಿನ ತುಂಡು. ಅದು ಮಾಸಲಾಗಿ ಬಂದರೆ ಬ್ಯಾಗ್ ಹೊರಗೆ ಹೋಗಬಾರದು. ಕಪ್ಪಾಗಿ ಬಂದರೆ ಅದರಿಂದ ಪಾಸ್ ಅಂತ ಮಾತ್ರ ತಿಳಿಯಬೇಡಿ.

ಸರ್ವಿಸ್_ಭದ್ರಾವತಿ

ಎರಡು ಬ್ಯಾಗಿನ ವಿಷಯ. ಮೇಲಿನ ತಟ್ಟೆ ಕೆಳಗಿನ ಬ್ಯಾಗಿನ ಮೇಲೆ ಮುಚ್ಚಳ ಹಾಕಿದ ಹಾಗೆ ಕೂತಿರುತ್ತದೆ ತಂಗಿ. ಬಾಯಿ ಸಡಿಲ ಬಿಟ್ಟು ಏನು ಪ್ರಯೋಜನ? ಮೂರು ಕಾಲಿನ ಸ್ಟ್ಯಾಂಡ್ ಮಾಡಿಸಿ, ಎರಡರ ನಡುವೆ ಐದಾರು ಇಂಚು ಖಾಲಿ ಇರಲಿ. ವೆಲ್ಡಿಂಗ್ ಅಂಗಡಿಯಲ್ಲಿ ಸ್ಟೀಲ್ ರಾಡಿನಲ್ಲಿ ಮಾಡಿಕೊಡುತ್ತಾರೆ. ಒಳಗಿನ ಅಗಲ, ಎತ್ತರ ಅಳೆದು ತಿಳಿಸಿ, ಎರಡು ತಟ್ಟೆ ಹಿಡಿಯುತ್ತದಾ ಹೇಳುತ್ತೇನೆ.

ಹಳೇ_ಮೈಕ್ರೋ

ಸ್ಟ್ಯಾಂಡ್ ಒಳ್ಳೆಯ ಯೋಚನೆ, ಆದರೆ ಅದರಿಂದ ಸರಿಹೋಗುತ್ತದೆ ಎಂದು ನಾನು ಈಗಲೇ ಹೇಳಲಾರೆ. ಲೋಡ್ ದೊಡ್ಡದಾದರೆ ಬಿಸಿಯಾಗುವ ಸಮಯವೂ ಜಾಸ್ತಿ. ಸ್ಟ್ಯಾಂಡ್ ಬಂದಮೇಲೆ ಕೆಳಗಿನ ಬ್ಯಾಗಿನ ತಳದ ನಡುವೆ ಆಂಪ್ಯೂಲ್, ಥರ್ಮಾಮೀಟರ್ ಎರಡೂ ಇಟ್ಟು, ಪೂರ್ತಿ ತುಂಬಿದ ಲೋಡಿನಲ್ಲೇ ಪರೀಕ್ಷಿಸಿ. ಬಿಡದೆ ಮೂರು ಓಟ ನೇರಳೆ ಬರುವವರೆಗೆ ಒಂದೊಂದೇ ಬ್ಯಾಗ್ ಓಡಿಸಿ.

ಶರಾವತಿ_ಲ್ಯಾಬ್

ಒಳ ಅಗಲ 14 ಇಂಚು, ಬಾಸ್ಕೆಟ್ ಸ್ಟ್ಯಾಂಡಿನಿಂದ ಮುಚ್ಚಳದವರೆಗೆ 22 ಇಂಚು ಅಣ್ಣ. ಬ್ಯಾಗ್ ತುಂಬಿದಾಗ ಏಳು ಇಂಚು ಎತ್ತರ ಬರುತ್ತದೆ.

ಸರ್ವಿಸ್_ಭದ್ರಾವತಿ

ಹಾಗಾದರೆ ಎರಡು ಹಿಡಿಯುತ್ತದೆ. ಏಳು, ನಡುವೆ ಐದು, ಮತ್ತೆ ಏಳು, ಮೇಲೆ ಮೂರು ಇಂಚು ಖಾಲಿ. ಮೂರನೇದು ಬೇಡ. ತಟ್ಟೆ 12 ಇಂಚಿಗಿಂತ ಅಗಲ ತಗೋಬೇಡಿ, ಸುತ್ತ ಒಂದೊಂದು ಇಂಚು ಹಬೆಗೆ ಬೇಕು.